ಐವತ್ತಮೂರರಲ್ಲಿ ಒಂದು

“ಲೆಕ್ಕದ ಗೋಜಿಗೇ ಹೋಗಬೇಡ ನೀನು. ನೂರು ಲೆಕ್ಕ ಮಾಡಿದ್ರೆ ನೂರೂ ತಪ್ಪು. ಡೆರಿವೇಶನ್ ಬಾಯಿಪಾಠ ಹೊಡಿ, ವ್ಯಾಖ್ಯೆ ಕಲಿ, ಪಾಸಾಗ್ತೀಯ. ಅಷ್ಟು ಸಾಕಲ್ಲ?”

ಫಿಸಿಕ್ಸಿನ ನಾಗಭೂಷಣ ಸರ್ ಇದನ್ನು ಸಿಟ್ಟಿನಿಂದ ಹೇಳಿದ್ದರೆ ರೋಹಿಣಿಗೆ ಅಷ್ಟು ತಾಗುತ್ತಿರಲಿಲ್ಲ. ಅವರು ಕನಿಕರದಿಂದ ಹೇಳಿದರು. ಕುಮಟೆಯ ಆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಫ್ಯಾನು ತಿರುಗುತ್ತಿತ್ತು, ಮೇಜಿನ ಮೇಲೆ ಪ್ರಿಪರೇಟರಿ ಪರೀಕ್ಷೆಯ ಪೇಪರುಗಳ ಕಟ್ಟಿತ್ತು, ಎಲ್ಲಕ್ಕಿಂತ ಮೇಲಿದ್ದದ್ದು ರೋಹಿಣಿಯ ಪೇಪರು. ಲೆಕ್ಕದ ಭಾಗದಲ್ಲಿ ಇಪ್ಪತ್ತಕ್ಕೆ ಏಳು.

ಸರ್ ಎರಡು ಬ್ಯಾಚು ಮಾಡುವವರಿದ್ದರು. ವಾರ್ಷಿಕ ಪರೀಕ್ಷೆಯ ತನಕ ಒಂಬತ್ತನೇ ನಂಬರಿನ ಕೋಣೆಯಲ್ಲಿ ಲೆಕ್ಕದ ಬ್ಯಾಚು, ಲ್ಯಾಬಿನ ಹಿಂದಿನ ಕೋಣೆಯಲ್ಲಿ ಪಾಸ್ ಬ್ಯಾಚು. ಪಾಸ್ ಬ್ಯಾಚಿನವರಿಗೆ ಲೆಕ್ಕ ಹೇಳಿಕೊಡುವುದೇ ಇಲ್ಲ. ರೋಹಿಣಿಗೆ ಥಿಯರಿ ಬರುತ್ತಿರಲಿಲ್ಲ ಎಂದಲ್ಲ. ಆದರೆ ಥಿಯರಿ ಎಂದರೆ ಬೇರೆಯವರು ಹೇಳಿದ್ದನ್ನು ತಿರುಗಿ ಹೇಳುವುದು, ಲೆಕ್ಕ ಎಂದರೆ ತಾನೇ ನಡೆದುಹೋಗಿ ಮುಟ್ಟುವುದು ಎಂದು ಅವಳಿಗೆ ಯಾವತ್ತೂ ಅನಿಸುತ್ತಿತ್ತು. ಬಿ.ಎಸ್ಸಿ.ಗೆ ಫಿಸಿಕ್ಸೇ ಬೇಕು ಎಂದು ಅವಳು ಮನಸ್ಸಿನಲ್ಲೇ ನಿಶ್ಚಯ ಮಾಡಿ ಒಂದು ವರ್ಷವಾಗಿತ್ತು. ಲೆಕ್ಕ ಬಿಟ್ಟು ಫಿಸಿಕ್ಸು ಎಲ್ಲಿಂದ ಬರಬೇಕು?

“ನೂರೂ ತಪ್ಪಲ್ಲ ಸರ್,” ಎಂದಳು.

“ಮತ್ತೆಷ್ಟು?”

ಅದು ಅವಳಿಗೂ ಗೊತ್ತಿರಲಿಲ್ಲ.

“ಎಣಿಸ್ಕೊಂಡು ಬಾ,” ಎಂದರು ಸರ್, ಅವಳ ಪೇಪರನ್ನೂ ಒಂದು ಉತ್ತರಪಟ್ಟಿಯನ್ನೂ ಕೈಗೆ ಕೊಟ್ಟು ಕಟ್ಟು ಎತ್ತಿಕೊಳ್ಳುತ್ತ. “ಈ ಸಲ ಹನ್ನೆರಡು ಬಾರದವ್ರಿಗೆ ಬರೋ ಶನಿವಾರ ಎರಡು ಗಂಟೆಗೆ ಇನ್ನೊಂದು ಟೆಸ್ಟ್ ಇಡ್ತೇನೆ. ಇಪ್ಪತ್ತಕ್ಕೆ ಹನ್ನೆರಡು ತಗೊಂಡವ್ರು ಒಂಬತ್ತನೇ ನಂಬರಿಗೆ. ಉಳಿದವ್ರು ಲ್ಯಾಬಿನ ಹಿಂದೆ. ಆಮೇಲೆ ನನ್ನತ್ರ ಅಳೂದು ಕರೆಯೂದು ಬೇಡ.”

ರೋಹಿಣಿಯ ಮನೆ ತದಡಿಯಲ್ಲಿ. ಕುಮಟೆಯಿಂದ ಹೊಳನಗದ್ದೆಯ ಮೇಲೆ ಹಾದು ಅಘನಾಶಿನಿಯವರೆಗೆ ಬಸ್ಸು, ಅಲ್ಲಿಂದ ಹೊಳೆ ದಾಟಲು ದೋಣಿ. ದೋಣಿ ನಡೆಸುವವನು ಅವಳ ಅಪ್ಪ ವೆಂಕ್ಟ್ರಮಣನೇ. ಮಗಳನ್ನು ತಂಗಿ ಎಂದೇ ಕರೆಯುವ ಅವನು, ಅವಳು ಸೈನ್ಸ್ ತೆಗೆದುಕೊಂಡ ದಿನದಿಂದ ದೋಣಿ ಹತ್ತಿದವರಿಗೆಲ್ಲ, “ನಮ್ಮ ತಂಗಿ ಮಾಡೂದು ಸಾದಾ ಲೆಕ್ಕ ಅಲ್ಲ, ಬೆಳಕಿನ ಲೆಕ್ಕ, ಕರೆಂಟಿನ ಲೆಕ್ಕ,” ಎಂದು ಹೇಳಿ ಹೇಳಿ, ಆಚೆ ದಡದ ಗೂಡಂಗಡಿಯವನಿಗೂ ಅದು ಬಾಯಿಗೆ ಬಂದಿತ್ತು. ಆ ಸಂಜೆ ಅಪ್ಪ “ಎಂತ ಆತು ಪೇಪರು?” ಎಂದಾಗ ರೋಹಿಣಿ, “ಎಣಿಸೂಕೆ ಉಂಟು,” ಎಂದಷ್ಟೇ ಹೇಳಿ ಕೂತಳು.

ಮನೆಗೆ ಬಂದವಳೇ ವರ್ಷವಿಡೀ ಲೆಕ್ಕ ಮಾಡಿದ ಎರಡು ನೋಟ್ ಪುಸ್ತಕಗಳನ್ನೂ ಪ್ರಿಪರೇಟರಿಯ ಪೇಪರನ್ನೂ ಹರವಿಕೊಂಡಳು. ಒಟ್ಟು ನೂರಾ ಹನ್ನೆರಡು ಲೆಕ್ಕ. ಒಂದೊಂದನ್ನೂ ಉತ್ತರದ ಜೊತೆ ತಾಳೆ ನೋಡಿ, ತಪ್ಪಿದ್ದನ್ನೆಲ್ಲ ಹೊಸ ಪುಸ್ತಕದಲ್ಲಿ ತಾರೀಖಿನ ಪ್ರಕಾರ ಬರೆದಳು. ಮಂಗಳವಾರದ ಹೊತ್ತಿಗೆ ಪಟ್ಟಿ ಮುಗಿಯಿತು. ಐವತ್ತಮೂರು ತಪ್ಪು.

ನೂರಲ್ಲ, ಸರಿ. ಆದರೆ ಐವತ್ತಮೂರೇನು ಕಡಿಮೆಯೇ? ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರೆ ಎದೆ ಕುಸಿಯುತ್ತಿತ್ತೇ ಹೊರತು ಏನೂ ತಿಳಿಯುತ್ತಿರಲಿಲ್ಲ.

ಅವಳ ಅಮ್ಮ ದೇವಿ ಬಂದರಿನಲ್ಲಿ ಮೀನು ವಿಂಗಡಿಸುವ ಕೆಲಸದವಳು. ಕೆಲಸ ಮುಗಿಸಿ ಬಂದು ಕಾಲು ತೊಳೆದು, ಚಾ ಲೋಟ ಹಿಡಿದು ಮಗಳ ಹಿಂದೆ ನಿಂತು ನೋಡಿದಳು.

“ಇದೆಂತದೆ ಇದು? ಬಲೆ ಕೊಡವಿದ ಹಾಂಗೆ ಉಂಟಲ್ಲ!”

“ನನ್ನ ತಪ್ಪುಗಳು. ಐವತ್ತಮೂರು.”

“ಐವತ್ತಮೂರು ನಮೂನೆಯದ್ದಾ?”

“ನಮೂನೆ ಅಲ್ಲಮ್ಮ, ಐವತ್ತಮೂರು ತಪ್ಪು.”

“ಅದೇ ಕೇಳಿದ್ದು ನಾನು. ಬಂಗಡೆ ಎಷ್ಟು, ತಾರ್ಲೆ ಎಷ್ಟು, ಶೆಟ್ಲಿ ಎಷ್ಟು ಹೇಳಿ ಬೇರೆ ಮಾಡದೆ ರಾಶಿ ಮುಂದೆ ಕೂತ್ಕಂಡು ಅತ್ತರೆ ಮೀನು ತನ್ನಷ್ಟಕ್ಕೆ ಬುಟ್ಟಿಗೆ ಹೋಗ್ತದ್ಯಾ?” ದೇವಿ ಚಾ ಕುಡಿದು ಲೋಟ ಇಟ್ಟು ಒಳಗೆ ಹೋದಳು. ಅವಳಿಗೆ ಅದು ದೊಡ್ಡ ಮಾತೇ ಅಲ್ಲ.

ರೋಹಿಣಿ ಪುಸ್ತಕ ತಿರುಗಿಸಿ ಹಿಂದಿನ ಕಡೆಯಿಂದ ಶುರು ಮಾಡಿದಳು. ಈ ಸಲ ಪ್ರತಿ ತಪ್ಪಿಗೂ ನಾಲ್ಕು ಕಾಲಮ್ಮು: ಲೆಕ್ಕ ಯಾವುದು, ನಾನು ಮಾಡಿದ್ದೇನು, ಯಾವ ಜಾತಿಯ ತಪ್ಪು, ಸರಿಯಾದ ಹೆಜ್ಜೆಗಳು. ಜಾತಿಗೊಂದು ಪುಟದ ಗುಂಪು.

ಮೊದಲ ಗುಂಪು ಯುನಿಟ್ಟಿನದ್ದು. ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಎರಡು ಚದರ ಮಿಲಿಮೀಟರ್ ಎಂದು ಕೊಟ್ಟಲ್ಲಿ ಅವಳು 2 × 10⁻³ ಚದರ ಮೀಟರ್ ಎಂದು ಹಾಕಿದ್ದಳು. ಉದ್ದಕ್ಕೆ ಸಾವಿರದಿಂದ ಭಾಗಿಸಿದರೆ ವಿಸ್ತೀರ್ಣಕ್ಕೆ ಸಾವಿರದಿಂದ ಎರಡು ಸಲ ಭಾಗಿಸಬೇಕು, 2 × 10⁻⁶ ಆಗಬೇಕು. ಇಂಥವೇ ಹತ್ತೊಂಬತ್ತು ಸಿಕ್ಕವು. ಎರಡನೆಯ ಗುಂಪು ಚಿಹ್ನೆಯದ್ದು. ಇಪ್ಪತ್ತು ಸೆಂಟಿಮೀಟರ್ ಸಂಗಮದೂರದ ಪೀನ ಮಸೂರದಿಂದ ಮೂವತ್ತು ಸೆಂಟಿಮೀಟರ್ ದೂರದಲ್ಲಿ ವಸ್ತು. ವಸ್ತುವಿನ ದೂರಕ್ಕೆ ಮೈನಸ್ ಹಾಕದೆ ಅವಳು ಬಿಂಬ ಹನ್ನೆರಡು ಸೆಂಟಿಮೀಟರಿನಲ್ಲಿ ಎಂದಿದ್ದಳು. ಮೈನಸ್ ಹಾಕಿ ಹೆಜ್ಜೆ ಬರೆದಾಗ 1/20 ರಿಂದ 1/30 ಕಳೆದು 1/60 ಬಂತು. ಬಿಂಬ ಅರವತ್ತರಲ್ಲಿ. ಹೀಗೆ ಹನ್ನೊಂದು.

ಮೂರನೆಯದಕ್ಕೆ ಅವಳೇ ಹೆಸರಿಟ್ಟಳು, ‘ತಲೆಕೆಳಗು’. ಆರು ಓಮ್ ಮತ್ತು ಮೂರು ಓಮ್ ಸಮಾಂತರದಲ್ಲಿ ಇದ್ದಾಗ 1/6, 1/3 ಕೂಡಿಸಿ 1/2 ಬಂದ ಕೂಡಲೇ ಗೆದ್ದೆ ಎಂದು ರೋಧ ಅರ್ಧ ಓಮ್ ಎಂದು ಬರೆದುಬಿಟ್ಟಿದ್ದಳು. ತಿರುಗಿಸಿ ಹಾಕಿದರೆ ಎರಡು ಓಮ್. ಭಾಗಿಸಬೇಕಾದಲ್ಲಿ ಗುಣಿಸಿದ್ದು, ಗುಣಿಸಬೇಕಾದಲ್ಲಿ ಭಾಗಿಸಿದ್ದು, ಎಲ್ಲ ಇದೇ ಗುಂಪಿಗೆ. ಒಂಬತ್ತಾದವು. ವರ್ಗ ಮತ್ತು ಹತ್ತರ ಘಾತದಲ್ಲಿ ಎಡವಿದ್ದು ಎಂಟು, 0.3ರ ವರ್ಗ 0.9 ಎಂದು ಬರೆದ ಬುದ್ಧಿವಂತಿಕೆಯೂ ಸೇರಿ. ಪ್ರಶ್ನೆಯನ್ನೇ ಸರಿಯಾಗಿ ಓದದ್ದು ಎರಡು.

ಕೊನೆಯ ಗುಂಪಿನ ಹೆಸರು ‘ಸೂತ್ರವೇ ಗೊತ್ತಿರಲಿಲ್ಲ’. ಅದಕ್ಕೆ ಎಂದು ಅವಳು ನಾಲ್ಕು ಪುಟ ಬಿಟ್ಟಿದ್ದಳು. ಬಂದದ್ದು ನಾಲ್ಕೇ ತಪ್ಪು, ಅರ್ಧ ಪುಟ.

ರೋಹಿಣಿ ಪೆನ್ನು ಕೆಳಗಿಟ್ಟಳು. ಐವತ್ತಮೂರರಲ್ಲಿ ನಲವತ್ತೊಂಬತ್ತು ಲೆಕ್ಕಗಳಲ್ಲಿ ಅವಳು ಸರಿಯಾದ ದಾರಿಯಲ್ಲೇ ಹೋಗಿದ್ದಳು, ನಡುವೆ ಕಾಲು ಜಾರಿತ್ತು ಅಷ್ಟೆ. ಜಾರಿದ ಜಾಗಗಳೂ ಬೆರಳೆಣಿಕೆಯವು.

“ಅಮ್ಮಾ, ನಂಗೆ ಫಿಸಿಕ್ಸ್ ಬತ್ತದೆ!” ಎಂದು ಕೂಗಿದಳು.

“ಬರ್ಲಿ, ಬರ್ಲಿ. ಬಂದ ಮೇಲೆ ಆ ಬಟ್ಟೆ ಒಳಗೆ ಹಾಕು,” ಎಂದಳು ಅಡುಗೆಮನೆಯಿಂದ ದೇವಿ.

ಗುರುವಾರ ಬೆಳಿಗ್ಗೆ ದೋಣಿಯಲ್ಲಿ ಆ ಪುಸ್ತಕ ಸುಜಯನ ಕೈಗೆ ಸಿಕ್ಕಿತು. ಅವನೂ ತದಡಿಯವನೇ, ಅವಳದೇ ಕ್ಲಾಸು, ಪ್ರಿಪರೇಟರಿಯಲ್ಲಿ ಹದಿಮೂರು ತೆಗೆದು ಒಂಬತ್ತನೇ ನಂಬರಿನಲ್ಲಿ ಜಾಗ ಹಿಡಿದಿದ್ದವನು.

“ಎಲ್ಲರೂ ಸರಿ ಮಾಡಿದ್ದನ್ನ ಬರೆದಿಡ್ತರು, ಇವಳು ತಪ್ಪು ಮಾಡಿದ್ದಕ್ಕೆ ಪುಸ್ತಕ ಇಟ್ಟಿದ್ದಾಳೆ! ಕೇಳಿದ್ರಾ ದುರ್ಗಮ್ಮ?”

ಬಳಚು ಎಂಬ ಚಿಪ್ಪುಮೀನಿನ ಬುಟ್ಟಿ ಮಡಿಲ ಹತ್ತಿರ ಇಟ್ಟುಕೊಂಡು ಕೂತಿದ್ದ ದುರ್ಗಮ್ಮ ಕುಮಟೆಯ ಪೇಟೆಗೆ ಹೊರಟವಳು. “ನಿಂದೂ ಒಂದು ಇಡು ತಮ್ಮಾ. ನೀನು ಹುಟ್ಟಿದಾಗಿಂದ ಶುರು ಮಾಡಿದ್ರೆ ದೋಣಿ ತುಂಬ್ತದೆ,” ಎಂದಳು. ಎದುರು ಕೂತ ನಾಲ್ಕು ಜನ ನಕ್ಕರು.

ಸುಜಯ ಸೋಲುವವನಲ್ಲ. ‘ತಲೆಕೆಳಗು’ ಗುಂಪನ್ನು ತೆರೆದು ದೊಡ್ಡದಾಗಿ ಓದಿದ. “ಕೇಳಿ. ಒಂಬತ್ತನೇದು, ಪ್ರಿಪರೇಟರಿಯ ಲೆಕ್ಕ. ಎರಡು ಮೀಟರ್ ಆಳದ ಕೊಳ. ನೀರಿನ ವಕ್ರೀಭವನಾಂಕ ಮೂರನೇ ನಾಲ್ಕು. ಮೇಲಿಂದ ನೇರ ನೋಡಿದ್ರೆ ತಳ ಎಷ್ಟು ಆಳದಲ್ಲಿ ಕಾಣ್ತದೆ? ಇವಳು ಬರೆದದ್ದು ಒಂದೂವರೆ ಮೀಟರ್. ತಪ್ಪು! ಸರ್ ಕೊಟ್ಟ ಉತ್ತರ ಎರಡು ಪಾಯಿಂಟ್ ಆರು ಏಳು. ನಂದು ಅದೇ ಬಂದದ್ದು, ಮೂರಕ್ಕೆ ಮೂರು.”

ಎಂಜಿನ್ನಿನ ಹತ್ತಿರ ನಿಂತಿದ್ದ ವೆಂಕ್ಟ್ರಮಣ ಕತ್ತು ತಿರುಗಿಸಿದ. “ಎಂತದು? ಎರಡು ಮೀಟರ್ ನೀರು ಎರಡೂವರೆಗಿಂತ ಜಾಸ್ತಿ ಕಾಣೂದಾ? ಯಾವ ಊರಿನ ಹೊಳೆ ಮಾರಾಯಾ ಅದು?”

“ಲೆಕ್ಕದ ಹೊಳೆ ವೆಂಕ್ಟ್ರಮಣಣ್ಣ. ನಮ್ಮ ಹೊಳೆ ಅಲ್ಲ.”

“ನೀರು ನೀರೇ ಅಲ್ದನಾ?”

ನಡುಹೊಳೆಯ ಮರಳಿನ ದಿಬ್ಬ ಹತ್ತಿರ ಬಂದಿತ್ತು. ಇಳಿತದ ಹೊತ್ತಿಗೆ ಅಲ್ಲಿ ವೆಂಕ್ಟ್ರಮಣ ಎಂಜಿನ್ನು ಸಣ್ಣ ಮಾಡಿ ಬಿದಿರಿನ ಗಳ ಇಳಿಸಿ ಆಳ ನೋಡುವುದು ದಿನದ ಪದ್ಧತಿ. ಗಳಕ್ಕೆ ಮೊಳಕ್ಕೊಂದರಂತೆ ಕೆಂಪು ಬಣ್ಣದ ಬಳೆ ಬಳಿದಿದ್ದ. ಈ ಸಲ ಅವನು ಗಳ ಇಳಿಸಿ, “ಬಾ ತಂಗೀ, ನೀನೇ ನೋಡು. ಓರೆಯಿಂದ ಅಲ್ಲ, ಬಗ್ಗಿ ನೇರ ನೋಡು,” ಎಂದ.

ಜನವರಿಯ ನೀರು ತಿಳಿಯಾಗಿತ್ತು. ರೋಹಿಣಿ ಅಂಚಿಗೆ ಬಗ್ಗಿದಳು. ನೀರಿನ ಮೇಲೆ ಬಳೆಗಳ ನಡುವೆ ಒಂದೊಂದು ಮೊಳ. ನೀರಿನ ಒಳಗೆ ಅದೇ ಬಳೆಗಳು ಒಂದಕ್ಕೊಂದು ಹತ್ತಿರ ಸರಿದು ಕೂತಿದ್ದವು. ಗಳದ ಬುಡ ಊರಿದ ಮರಳು ಕೈಗೆ ಸಿಗುವಷ್ಟು ಮೇಲೆ ಬಂದಂತಿತ್ತು.

“ಈಗ ಎಷ್ಟು ಮುಳುಗಿದೆ? ಬಳೆ ಎಣಿಸು.”

“ನಾಲ್ಕು.”

“ಕಣ್ಣಿಗೆ ಎಷ್ಟು ಉದ್ದ ಕಾಣ್ತದೆ?”

ಅವಳು ನೀರಿನ ಮೇಲಿನ ಬಳೆಗಳನ್ನೂ ಒಳಗಿನ ಬಳೆಗಳನ್ನೂ ಕಣ್ಣಲ್ಲೇ ಹೋಲಿಸಿದಳು. “ಮೂರು ಮೊಳದಷ್ಟು.”

“ಅದೇ ಮತ್ತೆ. ಮೂರು ಕಂಡ್ರೆ ನಾಲ್ಕು ಉಂಟು ಹೇಳಿ ತಿಳ್ಕೊಳ್ಳೂದು. ನನ್ನ ಅಪ್ಪ ನಂಗೆ ಹೇಳಿ ಕೊಟ್ಟದ್ದು. ಹೊಸಬರು ಸೊಂಟದ ನೀರು ಹೇಳಿ ಇಳಿದು ಎದೆ ತನಕ ಮುಳುಗ್ತರು.”

“ಅಪ್ಪಾ, ಮೂರನೇ ನಾಲ್ಕು!” ರೋಹಿಣಿ ಹಲಗೆಯ ಮೇಲೆ ಕೂತೇಬಿಟ್ಟಳು. “ಅದೇ ವಕ್ರೀಭವನಾಂಕ! ನೀನು ಹೇಳಿದ್ದೇ!”

“ನಾನು ಅದೆಲ್ಲ ಹೇಳ್ಲಿಲ್ಲಪ್ಪ, ಗಳ ಹೇಳಿದ್ದು,” ಎಂದ ವೆಂಕ್ಟ್ರಮಣ, ಆದರೆ ಎಂಜಿನ್ನು ಮತ್ತೆ ಜೋರು ಮಾಡುವಾಗ ಎದೆ ಒಂದಿಷ್ಟು ಮುಂದೆ ಬಂದಿತ್ತು.

ರೋಹಿಣಿ ತೊಡೆಯ ಮೇಲೆ ಪುಸ್ತಕ ಇಟ್ಟು ಹೆಜ್ಜೆ ಹೆಜ್ಜೆಯಾಗಿ ಬರೆದಳು. ವಕ್ರೀಭವನಾಂಕ ಎಂದರೆ ನಿಜವಾದ ಆಳವನ್ನು ಕಾಣುವ ಆಳದಿಂದ ಭಾಗಿಸಿದ್ದು. ಹಾಗಾದರೆ ಕಾಣುವ ಆಳ ಎಂದರೆ ನಿಜವಾದ ಆಳವನ್ನು ವಕ್ರೀಭವನಾಂಕದಿಂದ ಭಾಗಿಸಿದ್ದು. ಎರಡನ್ನು 4/3ರಿಂದ ಭಾಗಿಸಿದರೆ 1.5 ಮೀಟರ್. ಸರ್ ಕೊಟ್ಟ ಉತ್ತರಪಟ್ಟಿಯಲ್ಲಿ ಗುಣಿಸಿದ್ದರು. ಪರೀಕ್ಷೆಯಲ್ಲಿ ಅವಳು ಬರೆದದ್ದೇ ಸರಿ ಇತ್ತು. ತಪ್ಪಾದದ್ದು ಮೊನ್ನೆ, ಪಟ್ಟಿ ಮಾಡುವಾಗ. ಹೆಜ್ಜೆಗಳನ್ನು ತಾನು ಮಾಡಿ ನೋಡದೆ ಉತ್ತರಪಟ್ಟಿಯಿಂದ ಇಳಿಸಿಕೊಂಡು, ಸರಿ ಇದ್ದದ್ದನ್ನು ತಿದ್ದಿ ತಪ್ಪು ಮಾಡಿ, ಅದಕ್ಕೆ ‘ಸರಿಯಾದ ಹೆಜ್ಜೆಗಳು’ ಎಂದು ತಲೆಬರಹ ಬೇರೆ ಕೊಟ್ಟಿದ್ದಳು!

ಸುಜಯನ ಮುಖ ಸಣ್ಣದಾಯಿತು. “ರೋಹಿಣಿ, ನೀ ಇದನ್ನ ಸರ್ ಹತ್ರ ಹೇಳ್ತೆಯಾ? ನನ್ನ ಮೂರು ಮಾರ್ಕು ಹೋಗ್ತದೆ. ಹದಿಮೂರರಲ್ಲಿ ಮೂರು ಹೋದ್ರೆ ಹತ್ತು. ನಾನೂ ಲ್ಯಾಬಿನ ಹಿಂದೆ!”

“ಶನಿವಾರ ನೀನೂ ಟೆಸ್ಟ್ ಬರಿ ಹಾಂಗಾರೆ.”

“ಟೆಸ್ಟ್ ಆದ ಮೇಲೆ ಹೇಳು. ಮೊದ್ಲೇ ಹೇಳಿದ್ರೆ ಸರ್‌ಗೆ ಸಿಟ್ಟು ಬಂದ್ರೆ? ಪೇಪರ್ ತಿದ್ದೂದು ಅವ್ರೇ ಅಲ್ದನಾ?”

ಅದು ರೋಹಿಣಿಗೂ ಹೊಳೆದಿತ್ತು. ಆದರೂ ಅವಳು ಮೊದಲು ಬೇರೆ ಕೆಲಸ ಮಾಡಿದಳು. ಆ ಸಂಜೆಯೂ ಮರುದಿನ ಸಂಜೆಯೂ ಕೂತು ಉಳಿದ ಐವತ್ತೆರಡರ ಸರಿಯಾದ ಹೆಜ್ಜೆಗಳನ್ನು ಉತ್ತರ ಮುಚ್ಚಿಟ್ಟು ಮತ್ತೆ ಮಾಡಿದಳು. ಎಲ್ಲವೂ ತಾಳೆಯಾದವು. ಒಂಬತ್ತನೆಯದನ್ನು ಅಳಿಸಲಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದಳು: ‘ಇದು ನನ್ನದಲ್ಲ. ತಿದ್ದಿದ್ದು ಮಾತ್ರ ನನ್ನ ತಪ್ಪು.’ ಪ್ರತಿ ಗುಂಪಿನ ಕೆಳಗೆ ಮುಂದಿನ ಸಲ ಏನು ಮಾಡಬೇಕು ಎಂದು ಒಂದೊಂದು ಸಾಲು ಸೇರಿಸಿದಳು. ಎಲ್ಲಕ್ಕಿಂತ ಕೊನೆಗೆ ಹೊಸದೊಂದು ಸಾಲು: ‘ಉತ್ತರ ಬಂದ ಮೇಲೆ ಗಳ ಇಳಿಸಿ ನೋಡು.’

ಶನಿವಾರ ಹನ್ನೊಂದು ಗಂಟೆಗೆ, ಟೆಸ್ಟಿಗೆ ಇನ್ನೂ ಮೂರು ತಾಸು ಇರುವಾಗಲೇ, ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

“ಎಣಿಸಿದೆ ಸರ್. ನೂರಾ ಹನ್ನೆರಡರಲ್ಲಿ ಐವತ್ತೆರಡು ತಪ್ಪು.”

ಸರ್ ಅದನ್ನು ಮರೆತೇಬಿಟ್ಟಿದ್ದರು. “ಎಂತದ್ದು?” ಎಂದು ಕೇಳಿ ಪುಸ್ತಕ ತೆಗೆದುಕೊಂಡರು. ಮೊದಲು ನಿಂತೇ ನೋಡಿದರು. ಯುನಿಟ್ಟಿನ ಗುಂಪು ಮುಗಿಯುವಾಗ ಕುರ್ಚಿ ಎಳೆದು ಕೂತರು. ‘ಸೂತ್ರವೇ ಗೊತ್ತಿರಲಿಲ್ಲ’ ಎಂಬ ಅರ್ಧ ಪುಟವನ್ನು ಎರಡು ಸಲ ಓದಿದರು. ಆಮೇಲೆ ‘ತಲೆಕೆಳಗು’ ಬಂತು. ಗೆರೆ ಎಳೆದ ಸಾಲಿನ ಮೇಲೆ ಅವರ ಬೆರಳು ನಿಂತಿತು.

“ಇದು ನಿಂದಲ್ಲ ಅಂದ್ರೆ?”

“ಉತ್ತರಪಟ್ಟಿಯದ್ದು ಸರ್. ನೀರು ಇದ್ದದ್ದಕ್ಕಿಂತ ಆಳ ಕಾಣೂದಿಲ್ಲ.”

ಸರ್ ಹೆಜ್ಜೆಗಳನ್ನು ಓದಿದರು. ಡ್ರಾವರಿನಿಂದ ಉತ್ತರಪಟ್ಟಿ ತೆಗೆದು ನೋಡಿದರು. ಮತ್ತೆ ಮೊದಲಿನಿಂದ ಓದಿದರು. “ಎರಡು ಗಂಟೆಗೆ ಟೆಸ್ಟ್,” ಎಂದರು ಕೊನೆಗೆ. “ಪುಸ್ತಕ ಇಲ್ಲೇ ಇರಲಿ.”

ಸಿಟ್ಟೋ ಅಲ್ಲವೋ ತಿಳಿಯದೆ ಅವಳು ಹೊರಗೆ ಬಂದಳು. ಪುಸ್ತಕ ಕೈಯಲ್ಲಿಲ್ಲದೆ ಮೊದಲು ಗಾಬರಿಯಾಯಿತು. ಪ್ರಶ್ನೆಪತ್ರಿಕೆ ಬಂದಾಗ ತಿಳಿಯಿತು, ಪುಸ್ತಕ ಬೇಕಾಗಿಯೇ ಇಲ್ಲ. ಮೊದಲ ಲೆಕ್ಕದಲ್ಲಿ ಸೆಂಟಿಮೀಟರ್ ಕಂಡ ಕೂಡಲೇ ಪೆನ್ನು ತಾನಾಗಿ ನಿಂತು ಮೀಟರಿಗೆ ತಿರುಗಿಸಿತು. ಮೂರನೆಯದು ನಿಮ್ನ ದರ್ಪಣ. ಸಂಗಮದೂರ ಹತ್ತು, ವಸ್ತು ಹದಿನೈದು ಸೆಂಟಿಮೀಟರ್ ಮುಂದೆ. ಸಂಗಮದೂರಕ್ಕೆ ಮೈನಸ್ ಬಿಟ್ಟು ಮಾಡಿದಾಗ ಬಿಂಬ ದರ್ಪಣದ ಹಿಂದೆ ಆರು ಸೆಂಟಿಮೀಟರಿನಲ್ಲಿ ಬಂತು. ಬಿಟ್ಟು ಮುಂದೆ ಹೋಗುವವಳಿದ್ದಳು. ಗಳ ಇಳಿಸಿ ನೋಡಿದಳು. ವಸ್ತು ಸಂಗಮಬಿಂದುವಿನಿಂದ ಆಚೆ ಇದ್ದರೆ ನಿಮ್ನ ದರ್ಪಣದ ಬಿಂಬ ಹಿಂದೆ ಹೇಗೆ ಹೋದೀತು? ಒಂದು ಗೆರೆ ಎಳೆದು, ಎರಡಕ್ಕೂ ಮೈನಸ್ ಹಾಕಿ ಮಾಡಿದಳು. ಮೈನಸ್ ಮೂವತ್ತು. ದರ್ಪಣದ ಮುಂದೆಯೇ, ಮೂವತ್ತು ಸೆಂಟಿಮೀಟರಿನಲ್ಲಿ.

ಸರ್ ಆ ದಿನವೇ ಕೂತು ಪೇಪರು ತಿದ್ದಿದರು. ನಾಲ್ಕೂವರೆಗೆ ಎಲ್ಲರನ್ನೂ ಒಂಬತ್ತನೇ ನಂಬರಿಗೆ ಕರೆದು, ಮೊದಲು ಹಲಗೆಯ ಮೇಲೆ ಕೊಳದ ಲೆಕ್ಕ ಬರೆದರು. “ಪ್ರಿಪರೇಟರಿಯ ಉತ್ತರಪಟ್ಟಿಯಲ್ಲಿ ನಾನು ತಪ್ಪು ಕೊಟ್ಟಿದ್ದೆ. ಭಾಗಿಸಬೇಕಾದಲ್ಲಿ ಗುಣಿಸಿದ್ದೆ. ಎಲ್ಲರ ಮಾರ್ಕೂ ತಿದ್ದಿದ್ದೇನೆ. ಹೋದವ್ರಿಗೆ ಹೋತು, ಬಂದವ್ರಿಗೆ ಬಂತು. ಕಂಡುಹಿಡಿದದ್ದು ರೋಹಿಣಿ.” ಸುಜಯ ತಲೆ ತಗ್ಗಿಸಿದವನು, ಟೆಸ್ಟಿನಲ್ಲಿ ಹದಿನಾಲ್ಕು ಎಂದು ಕೇಳಿದ ಮೇಲೆ ಎತ್ತಿದ.

“ರೋಹಿಣಿ, ಹದಿನೇಳು,” ಎಂದರು ಸರ್. “ಮೂರು ಎಲ್ಲಿ ಹೋತು ಗೊತ್ತುಂಟಾ?”

ಅವಳು ಪೇಪರು ನೋಡಿದಳು. ಮೂರು ಕಡೆ ಉತ್ತರದ ಮುಂದೆ ಯುನಿಟ್ಟೇ ಬರೆದಿರಲಿಲ್ಲ. “ಹೊಸ ಜಾತಿ ಸರ್,” ಎಂದಳು. “ಇದು ಪಟ್ಟಿಯಲ್ಲಿ ಇರ್ಲಿಲ್ಲ.”

ಸರ್ ಜೋರಾಗಿ ನಕ್ಕು ಪುಸ್ತಕ ವಾಪಸು ಕೊಟ್ಟರು. “ಸೋಮವಾರ ಇದನ್ನ ಎಲ್ಲರಿಗೂ ತೋರಿಸ್ಬೇಕು ನೀನು. ಪಟ್ಟಿ ಹ್ಯಾಂಗೆ ಮಾಡೂದು ಹೇಳಿ. ನಾನೂ ಹಿಂದಿನ ಬೆಂಚಲ್ಲಿ ಕೂತ್ಕೊಳ್ತೇನೆ.”

ಬಸ್ಸಿನಲ್ಲಿ ಹೊಳನಗದ್ದೆ ದಾಟುವಾಗ ಅವಳು ಪುಸ್ತಕ ತೆರೆದಳು. ‘ತಲೆಕೆಳಗು’ ಗುಂಪಿನಲ್ಲಿ, ಗೆರೆ ಎಳೆದ ಒಂಬತ್ತನೆಯ ಸಾಲಿನ ಕೆಳಗೆ, ಬೇರೆ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ನಾಲ್ಕು ಕಾಲಮ್ಮೂ ತುಂಬಿದ್ದವು. ಲೆಕ್ಕ: ಕೊಳದ ಆಳ. ಮಾಡಿದ್ದು: ಎರಡನ್ನು 4/3ರಿಂದ ಗುಣಿಸಿದ್ದು. ಜಾತಿ: ತಲೆಕೆಳಗು. ಸರಿಯಾದ ಹೆಜ್ಜೆಗಳು, ಒಂದೂ ಬಿಡದೆ. ಅದರ ಕೆಳಗೆ ತಾರೀಖು, ‘ನಾಗಭೂಷಣ’ ಎಂಬ ಸಹಿ.

ಅಘನಾಶಿನಿಯ ದಡದಲ್ಲಿ ದೋಣಿ ಕಾಯುತ್ತಿತ್ತು. ಬುಟ್ಟಿ ಖಾಲಿ ಮಾಡಿಕೊಂಡ ದುರ್ಗಮ್ಮ ಆಗಲೇ ಕೂತಿದ್ದಳು. ವೆಂಕ್ಟ್ರಮಣ ಹಗ್ಗ ಬಿಚ್ಚುತ್ತಿದ್ದವನು ಮಗಳ ಮುಖ ನೋಡಿದ.

“ಎಂತ ಆತು?”

“ಒಂಬತ್ತನೇ ನಂಬರು, ಅಪ್ಪ. ಇಪ್ಪತ್ತಕ್ಕೆ ಹದಿನೇಳು. ಸರ್ ಅವ್ರ ತಪ್ಪನ್ನೂ ನನ್ನ ಪುಸ್ತಕದಲ್ಲಿ ಬರೆದಿದ್ರು. ನಿನ್ನ ಗಳದ್ದೇ ಲೆಕ್ಕ.”

“ಕೇಳ್ತೆಯಾ ದುರ್ಗಕ್ಕ? ಬೆಳಕಿನ ಲೆಕ್ಕ ಅದು, ಸಾದಾ ಅಲ್ಲ!”

“ನಂಗೆ ಹೇಳಬೇಡ, ದಿನಾ ಕೇಳಿ ಕೇಳಿ ಕಿವಿ ತೂತಾಗಿದೆ. ಪುಸ್ತಕ ನೋಡು ಮೊದ್ಲು, ನೋಡು!”

ವೆಂಕ್ಟ್ರಮಣ ಬಿಚ್ಚಿದ ಹಗ್ಗವನ್ನು ಮತ್ತೆ ಗೂಟಕ್ಕೆ ಸುತ್ತಿದ. ಒದ್ದೆ ಕೈಗಳನ್ನು ಲುಂಗಿಗೆ ಒರೆಸಿಕೊಂಡ, ಹೆಗಲ ಟವಲಿಗೆ ಒರೆಸಿಕೊಂಡ, ಸಾಲದೆ ಅವಳ ಜೊತೆ ಬಂದಿದ್ದ ಸುಜಯನ ಅಂಗಿಯ ಬೆನ್ನಿಗೂ ಒರೆಸಿಕೊಂಡ. ಆಮೇಲೆ ದೋಣಿ ತುಂಬ ಜನ ಕಾಯುತ್ತಿರುವಾಗಲೇ ಹಲಗೆಯ ಮೇಲೆ ಕೂತು, ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಆ ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದತೊಡಗಿದ.